ಬಿಡುವ ಬೆಲ್ಟ್, ಬಿಡದ ಕೊಂಡಿ: ಸೀಟ್ ಬೆಲ್ಟ್ ಲೋಡ್ ಲಿಮಿಟರ್ ಮತ್ತು ಮಕ್ಕಳ ಸೀಟಿನ ಆ್ಯಂಕರ್‌ಗಳ ಬೆಳವಣಿಗೆ

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದಿದ ಕಾರಿನ ಮೂತಿ ಸುಮಾರು 60 ಸೆಂಟಿಮೀಟರ್ ನುಜ್ಜುಗುಜ್ಜಾಯಿತು ಎಂದುಕೊಂಡರೆ, ಕಾರಿನ ವೇಗ ಇಳಿಯುವ ಸರಾಸರಿ ಗತಿ ಗುರುತ್ವದ ಹದಿನಾರು ಪಟ್ಟು ಮೀರುತ್ತದೆ. ಒಳಗಿದ್ದವರು ಇದೇ ಗತಿಯಲ್ಲಿ ಕಾರಿನ ಜೊತೆಗೇ ನಿಂತರೆ ಬದುಕುವ ಸಾಧ್ಯತೆ ಹೆಚ್ಚು. ತಡವಾಗಿ ನಿಂತರೆ ಅದೇ ವೇಗವನ್ನು ಕೆಲವೇ ಸೆಂಟಿಮೀಟರಿನಲ್ಲಿ ಕಳೆದುಕೊಳ್ಳಬೇಕಾಗುತ್ತದೆ. ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ 1959ರಲ್ಲಿ ತಂದ ಮೂರು ಬಿಂದುಗಳ ಬೆಲ್ಟ್ ಮಾಡಿದ್ದು ಈ ಕೆಲಸವನ್ನೇ: ದೇಹವನ್ನು ಎದೆ ಮತ್ತು ಸೊಂಟದ ಮೂಳೆಗಳ ಮೂಲಕ ಕಾರಿಗೆ ಕಟ್ಟಿಹಾಕಿತು.

ಕಟ್ಟಿದ ಬೆಲ್ಟೇ ಪಕ್ಕೆಲುಬು ಮುರಿಯುವುದೂ ಉಂಟು. 1970ರ ದಶಕದಲ್ಲಿ ಕೆಲವು ಫ್ರೆಂಚ್ ಕಾರುಗಳ ಭುಜದ ಬೆಲ್ಟಿನಲ್ಲಿ ಮಡಿಚಿ ಹೊಲಿದ ಒಂದು ಭಾಗವಿರುತ್ತಿತ್ತು. ಎಳೆತ ಮಿತಿ ಮೀರಿದಾಗ ಹೊಲಿಗೆ ಒಂದೊಂದಾಗಿ ಕಿತ್ತು, ಬೆಲ್ಟ್ ಸ್ವಲ್ಪ ಉದ್ದವಾಗುತ್ತಿತ್ತು. ಅಪಘಾತದ ನಂತರ ಎಷ್ಟು ಹೊಲಿಗೆ ಕಿತ್ತಿದೆ ಎಂದು ನೋಡಿ ಭುಜದ ಮೇಲೆ ಬಿದ್ದ ಬಲವನ್ನು ಸಂಶೋಧಕರು ಲೆಕ್ಕ ಹಾಕಿದರು. ನಿಜವಾದ ಅಪಘಾತಗಳಲ್ಲಿದ್ದ 92 ಜನರ ಇಂಥ ಅಧ್ಯಯನ 1978ರಲ್ಲಿ ಪ್ರಕಟವಾಯಿತು. ಯುವಕರು ತಾಳಿಕೊಂಡ ಬಲಕ್ಕೆ ವಯಸ್ಸಾದವರ ಎದೆಗೂಡು ತಾಳುವುದಿಲ್ಲವೆಂಬುದು ಇಂಥ ಕೆಲಸದಿಂದ ಖಚಿತವಾಯಿತು. ರಕ್ಷಣೆಗೆಂದು ಹೊಲಿದದ್ದು ಅಳತೆಗೋಲಾಗಿಯೂ ಒದಗಿದ್ದು ಈ ಇತಿಹಾಸದ ಸೊಗಸಾದ ಘಟ್ಟ.

ಈಗ ಹೊಲಿಗೆಯ ಜಾಗದಲ್ಲಿ ಟಾರ್ಷನ್ ಬಾರ್ ಇದೆ. ಬೆಲ್ಟ್ ಸುತ್ತಿಕೊಳ್ಳುವ ಉರುಳೆಯ ಒಳಗಿನ ಉಕ್ಕಿನ ಸರಳು ಇದು. ಡಿಕ್ಕಿಯಾದ ಕ್ಷಣ ಪ್ರಿಟೆನ್ಷನರ್ ಬೆಲ್ಟಿನ ಸಡಿಲವನ್ನು ಎಳೆದುಕೊಳ್ಳುತ್ತದೆ, ಸರಳಿನ ಒಂದು ತುದಿ ಲಾಕ್ ಆಗುತ್ತದೆ. ಎಳೆತ ಹೆಚ್ಚಿದಾಗ ಸರಳು ತಿರುಚಿಕೊಳ್ಳುತ್ತದೆ, ಉರುಳೆ ತಿರುಗಿ ಬೆಲ್ಟನ್ನು ಬಿಡುತ್ತದೆ. ಬಲ ಮಾತ್ರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಯುತ್ತದೆ. ರೆನೋ ಕಂಪನಿ 1990ರ ದಶಕದ ಮಧ್ಯದಲ್ಲಿ ಆ ಮಟ್ಟವನ್ನು ಸುಮಾರು 6 ಕಿಲೋನ್ಯೂಟನ್‌ಗೆ ಇಟ್ಟಿತ್ತು. ಏರ್‌ಬ್ಯಾಗನ್ನು ಜೊತೆಗೂಡಿಸಿದ ಮೇಲೆ 4 ಕಿಲೋನ್ಯೂಟನ್‌ಗೆ ಇಳಿಸಿತು.

ಇಳಿಸಿದ್ದಕ್ಕೆ ಬೆಲೆ ತೆರಬೇಕು. 4 ಕಿಲೋನ್ಯೂಟನ್ ಬಲದಲ್ಲಿ 20 ಸೆಂಟಿಮೀಟರ್ ಬೆಲ್ಟ್ ಬಿಟ್ಟರೆ ಸರಳು ನುಂಗುವ ಶಕ್ತಿ 800 ಜೂಲ್. 75 ಕಿಲೋ ತೂಕದವರ ಚಲನಶಕ್ತಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸುಮಾರು 7,200 ಜೂಲ್. ಅದರ ಬಹುಪಾಲು ಕಾರಿನ ಮೂತಿಯ ಜೊತೆಗೆ ಕರಗುತ್ತದೆ. ಲಿಮಿಟರ್ ಬೆಲ್ಟ್ ಬಿಟ್ಟಷ್ಟೂ ತಲೆ ಮುಂದಕ್ಕೆ ಹೋಗುವುದರಿಂದ, ಸ್ಟಿಯರಿಂಗಿನ ಮುಂದಿರುವ ಜಾಗ ಮುಗಿಯುವ ಮೊದಲು ಏರ್‌ಬ್ಯಾಗ್ ಹಿಡಿಯಲೇಬೇಕು.

ಮಕ್ಕಳ ಸೀಟಿನ ಇತಿಹಾಸ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ದೊಡ್ಡವರ ಬೆಲ್ಟನ್ನು ಸೀಟಿನೊಳಗೆ ತೂರಿಸಿ ಕಟ್ಟುವಾಗ ಸಡಿಲ ಉಳಿಯುತ್ತಿತ್ತು, ದಾರಿ ತಪ್ಪುತ್ತಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 1990ರ ಸುಮಾರಿಗೆ ಆರಂಭವಾದ ಚರ್ಚೆ 1999ರಲ್ಲಿ ಐಸೋಫಿಕ್ಸ್ ಮಾನಕವಾಗಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕವೂ ತನ್ನ ನಿಯಮ ಹೊರಡಿಸಿತು. ಹಿಂದಿನ ಸೀಟಿನ ಕೂರುವ ಭಾಗ ಮತ್ತು ಒರಗು ಸೇರುವ ಸಂದಿಯಲ್ಲಿ ಬೆರಳು ತೂರಿಸಿದರೆ ಸಿಗುವ, 6 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ಕೊಂಡಿಗಳೇ ಐಸೋಫಿಕ್ಸ್ ಆ್ಯಂಕರ್‌ಗಳು. ಅವುಗಳ ನಡುವಿನ ಅಂತರ 280 ಮಿಲಿಮೀಟರ್. ಕಾರಿನ ಚೌಕಟ್ಟಿಗೆ ಬಿಗಿಯಾಗಿ ಸೇರಿರುವ ಇವು ಮಣಿಯಬಾರದು.

ಎರಡೇ ಕೊಂಡಿಗಳಿದ್ದರೆ ಸೀಟು ಅವುಗಳ ಸುತ್ತಲೇ ಮುಂದಕ್ಕೆ ಬಾಗುತ್ತದೆ, ಮಗುವಿನ ತಲೆ ಮುಂದಿನ ಸೀಟಿಗೆ ಬಡಿಯುವ ಅಪಾಯವಿರುತ್ತದೆ. ಅದನ್ನು ತಡೆಯಲು ಮೂರನೆಯ ಹಿಡಿತ ಬೇಕು. ಸೀಟಿನ ಮೇಲ್ಭಾಗದಿಂದ ಹಿಂದಕ್ಕೆ ಹೋಗುವ ಟಾಪ್ ಟೆದರ್ ಪಟ್ಟಿ, ಇಲ್ಲವೇ ನೆಲಕ್ಕೆ ಊರುವ ಕಾಲು ಆ ಕೆಲಸ ಮಾಡುತ್ತದೆ. ಆಸ್ಟ್ರೇಲಿಯಾದಲ್ಲಿ ಟೆದರ್ 1970ರ ದಶಕದಿಂದಲೇ ಬಳಕೆಯಲ್ಲಿದೆ.

ಯುರೋಪಿನ ನಿಯಮದಲ್ಲಿ ಕೆಳಗಿನ ಆ್ಯಂಕರ್‌ಗಳನ್ನು 8 ಕಿಲೋನ್ಯೂಟನ್ ಬಲದಿಂದ ಮುಂದಕ್ಕೆ ಎಳೆದು ಪರೀಕ್ಷಿಸುತ್ತಾರೆ. 15 ಕಿಲೋ ಮಗು, 10 ಕಿಲೋ ಸೀಟು ಎಂದಾದರೆ ಮೇಲೆ ಹೇಳಿದ ಡಿಕ್ಕಿಯಲ್ಲಿ ಸರಾಸರಿ ಬಲವೇ 4 ಕಿಲೋನ್ಯೂಟನ್. ಒಂದು ಕ್ಷಣಕ್ಕೆ ಅದು ಎರಡು ಪಟ್ಟಿನ ಹತ್ತಿರವೂ ಹೋಗಬಹುದು. ಐಸೈಜ್ ನಿಯಮ ಮಗು ಮತ್ತು ಸೀಟಿನ ಒಟ್ಟು ತೂಕವನ್ನು 33 ಕಿಲೋಗೆ ಮಿತಿಗೊಳಿಸಿದ್ದು ಏಕೆಂದು ಇದರಿಂದ ಅರ್ಥವಾಗುತ್ತದೆ. ಅದನ್ನು ಮೀರಿದರೆ ದೊಡ್ಡವರ ಬೆಲ್ಟನ್ನೇ ಬಳಸಬೇಕು. ಮಣಿಯುವ ಗುಣ ಇಲ್ಲಿ ಕೊಂಡಿಯದಲ್ಲ; ಮಗುವನ್ನು ಹಿಡಿದ ಪಟ್ಟಿಗಳು, ಫೋಮ್ ಮತ್ತು ಸೀಟಿನ ಪ್ಲಾಸ್ಟಿಕ್ ಚಿಪ್ಪಿನದು.

ಸಾಮಾನ್ಯವಾಗಿ ಆಗುವ ತಪ್ಪು ಒಂದಿದೆ: ಟೆದರ್ ಪಟ್ಟಿಯನ್ನು ಕಾರಿನ ಬೂಟಿನೊಳಗಿನ ಸಾಮಾನು ಕಟ್ಟುವ ಹುಕ್ಕಿಗೆ ಸಿಕ್ಕಿಸುವುದು. ಆ ಹುಕ್ಕು ಈ ಬಲಕ್ಕೆಂದು ಮಾಡಿದ್ದಲ್ಲ. ಬಹಳಷ್ಟು ಸೀಟುಗಳ ಕೊಕ್ಕೆ ಸರಿಯಾಗಿ ಕೂತಾಗ ಹಸಿರು ಗುರುತು ಕಾಣುತ್ತದೆ, ಕೆಂಪು ಉಳಿದರೆ ಕೂತಿಲ್ಲ.

ಭಾರತದಲ್ಲಿ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಕ್ಯಾಪ್, ಮಕ್ಕಳ ರಕ್ಷಣೆಗೆ 49 ಅಂಕಗಳನ್ನು ಇಟ್ಟಿದೆ. ಆದರೆ ಅಂಕಗಳು ಹೊಸ ಕಾರಿಗೆ ಸಿಕ್ಕಂಥವು; ಒಮ್ಮೆ ತಿರುಚಿಕೊಂಡ ಟಾರ್ಷನ್ ಬಾರ್ ಮತ್ತೆ ನೇರವಾಗುವುದಿಲ್ಲ. ದೊಡ್ಡ ಅಪಘಾತವಾದ ಹಳೆಯ ಕಾರು ಕೊಳ್ಳುವವರು ಬೆಲ್ಟನ್ನು ಉರುಳೆ ಸಮೇತ ಬದಲಿಸಲಾಗಿದೆಯೇ ಎಂದು ಕೇಳಿ ತಿಳಿಯಬೇಕು.