ಎರಡು ಬಗೆಯ ಪ್ರಶ್ನೆಗೆ ಎಷ್ಟು ಮನೆ ಬೇಕು? ದಾವಣಗೆರೆ–ಹರಿಹರ ಸಮೀಕ್ಷೆಗೊಂದು ಲೆಕ್ಕ

ಸಮೀಕ್ಷೆಯ ಒಳಗೇ ಪ್ರಯೋಗ ನಡೆಸುವ ಪದ್ಧತಿ ನಮ್ಮ ದೇಶಕ್ಕೆ ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಬಂಗಾಳದ ಸೆಣಬು ಬೆಳೆಯ ಸಮೀಕ್ಷೆ ಕೈಗೊಂಡ ಪಿ.ಸಿ. ಮಹಲನೋಬಿಸ್, ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು ಆರಿಸಿ ಬೇರೆ ಬೇರೆ ತಂಡಗಳಿಗೆ ವಹಿಸುವ ಕ್ರಮವನ್ನು ರೂಪಿಸಿದರು. ತಂಡಗಳ ಅಂಕಿಗಳು ತೀರಾ ದೂರವಾದರೆ ಸಂದೇಹ ಹೊಲದ ಮೇಲಲ್ಲ, ಎಣಿಸಿದವರ ಮೇಲೆ.

ಪ್ರಶ್ನೆಯ ಮಾತನ್ನೇ ಬದಲಿಸಿ ನೋಡಿದ ಹೆಸರಾಂತ ಉದಾಹರಣೆಯನ್ನು ಅಮೆರಿಕದ ಡೊನಾಲ್ಡ್ ರಗ್ 1941ರಲ್ಲಿ ಪ್ರಕಟಿಸಿದರು. ಪ್ರಜಾಪ್ರಭುತ್ವವನ್ನು ಟೀಕಿಸುವ ಭಾಷಣಗಳಿಗೆ 'ಅವಕಾಶ ಕೊಡಬೇಕೆ' ಎಂದು ಕೇಳಿದಾಗ ಶೇ. 62 ಜನ ಬೇಡವೆಂದರು. 'ನಿಷೇಧಿಸಬೇಕೆ' ಎಂದು ಕೇಳಿದಾಗ ಹೌದೆಂದವರು ಶೇ. 46 ಮಾತ್ರ. ಇಷ್ಟು ದೊಡ್ಡ ಅಂತರವನ್ನು ಹಿಡಿಯಲು ಗುಂಪಿಗೆ ಸುಮಾರು 150 ಜನ ಸಾಕು. ಅಂತರ ಕಿರಿದಾದಾಗಲೇ ತೊಡಕು.

ಇರುವ ವ್ಯತ್ಯಾಸವನ್ನು ಕಾಣದೆ ಹೋಗುವುದೂ ಒಂದು ದೋಷವೆಂದು ನೈಮನ್ ಮತ್ತು ಪಿಯರ್ಸನ್ 1933ರಲ್ಲೇ ಲೆಕ್ಕಕ್ಕೆ ತಂದಿದ್ದರು. ಆದರೂ 1962ರಲ್ಲಿ ಜೇಕಬ್ ಕೋಹೆನ್ ಮನಃಶಾಸ್ತ್ರದ ಒಂದು ಪತ್ರಿಕೆಯ ಲೇಖನಗಳನ್ನು ಪರಿಶೀಲಿಸಿದಾಗ, ಮಧ್ಯಮ ಗಾತ್ರದ ಪರಿಣಾಮವನ್ನು ಪತ್ತೆಹಚ್ಚುವ ಶಕ್ತಿ ಸರಾಸರಿ 0.48 ಇತ್ತು; ಸಾಮಾನ್ಯವಾಗಿ ಅಪೇಕ್ಷಿಸುವುದು 0.80.

ದಾವಣಗೆರೆ ಮತ್ತು ಹರಿಹರದ ಮನೆಗಳಲ್ಲಿ ಕುಡಿಯುವ ನೀರಿನ ಪೂರೈಕೆ ಕುರಿತು ಎರಡು ನಮೂನೆಯ ಪ್ರಶ್ನೆ ಕೇಳುತ್ತೇವೆಂದಿಟ್ಟುಕೊಳ್ಳೋಣ. ಮೊದಲ ನಮೂನೆಗೆ ಶೇ. 50, ಎರಡನೆಯದಕ್ಕೆ ಶೇ. 60 ಜನ 'ತೃಪ್ತಿಯಿದೆ' ಎನ್ನಬಹುದೆಂಬುದು ಊಹೆ. ಶೇ. 5ರ ಮಟ್ಟದ ಪರೀಕ್ಷೆ, 0.80 ಶಕ್ತಿ ಬೇಕೆಂದರೆ:

n = (1.96 + 0.84)² × (0.50×0.50 + 0.60×0.40) ÷ 0.10² ≈ 385

ಇದು ಒಂದು ಗುಂಪಿಗೆ ಬೇಕಾದ ಸಂಖ್ಯೆ. ಒಟ್ಟು 770 ಉತ್ತರಗಳು. ಐವರಲ್ಲಿ ಒಬ್ಬರು ಉತ್ತರಿಸುವುದಿಲ್ಲವೆಂದರೆ ಗುಂಪಿಗೆ 482 ಮನೆಗಳ ಬಾಗಿಲು ತಟ್ಟಬೇಕು. ನಿರೀಕ್ಷಿತ ಅಂತರ 10ರಿಂದ 5ಕ್ಕಿಳಿದರೆ ಗುಂಪಿಗೆ ಸುಮಾರು 1560 ಉತ್ತರ ಬೇಕು. ಅಂತರ ಅರ್ಧವಾದರೆ ಮಾದರಿ ನಾಲ್ಕು ಪಟ್ಟಾಗುತ್ತದೆ. ಖರ್ಚಿನ ಲೆಕ್ಕ ಹಾಕುವವರು ಮರೆಯುವುದು ಇದನ್ನೇ.

ನಮೂನೆ ಹಂಚುವಾಗಲೂ ಎಚ್ಚರ ಬೇಕು. ಒಂದನ್ನು ಇಡೀ ದಾವಣಗೆರೆಗೆ, ಇನ್ನೊಂದನ್ನು ಇಡೀ ಹರಿಹರಕ್ಕೆ ಕೊಟ್ಟರೆ, ಸಾವಿರ ಮನೆ ಸುತ್ತಿದರೂ ಕಂಡ ವ್ಯತ್ಯಾಸ ಪ್ರಶ್ನೆಯದೋ ಊರಿನದೋ ಬೇರ್ಪಡಿಸಲಾಗದು. ವಾರ್ಡಿಗೊಂದು ನಮೂನೆ ಹಂಚಿದರೆ ಇಷ್ಟು ಕೆಡದಿದ್ದರೂ ನಷ್ಟವಿದೆ. ಒಂದೇ ವಾರ್ಡಿನವರಿಗೆ ನೀರು ಬರುವ ಹೊತ್ತು ಒಂದೇ, ಅಭಿಪ್ರಾಯವೂ ಹತ್ತಿರ. ವಾರ್ಡಿಗೆ 20 ಮನೆ, ಅವುಗಳ ನಡುವಿನ ಸಾಮ್ಯ 0.05 ಎಂದರೆ 1 + 19 × 0.05 = 1.95, ಅಂದರೆ 385 ಹೆಚ್ಚುಕಡಿಮೆ 751 ಆಗುತ್ತದೆ. ಹಾಗಾಗಿ ಪ್ರತಿ ವಾರ್ಡಿನೊಳಗೇ ಮನೆಮನೆಗೆ ಚೀಟಿ ಎತ್ತಿ ನಮೂನೆ ನಿರ್ಧರಿಸುವುದೇ ಮೇಲು.

ಗುಂಪಿಗೆ ಬರೀ 100 ಜನರನ್ನು ಕೇಳಿ ಮುಗಿಸಿದರೆ, ನಿಜವಾಗಿ 10 ಅಂಶಗಳ ವ್ಯತ್ಯಾಸವಿದ್ದರೂ ಅದನ್ನು ಹಿಡಿಯುವ ಸಂಭವ ಸುಮಾರು 0.30. ಅಂಥ ಸಮೀಕ್ಷೆಯಲ್ಲಿ 6 ಅಂಶಗಳ ಅಂತರ ಕಂಡಿತೆಂದರೆ, ಶೇ. 95ರ ವಿಶ್ವಾಸ ವ್ಯಾಪ್ತಿ −8ರಿಂದ +20ರವರೆಗೆ ಚಾಚುತ್ತದೆ. ಅದರ ವರದಿಯಲ್ಲಿ 'ಪ್ರಶ್ನೆಯ ಮಾತಿನಿಂದ ಏನೂ ವ್ಯತ್ಯಾಸವಿಲ್ಲ' ಎಂದು ಬರೆಯಲು ಆಧಾರವಿಲ್ಲ. ಆ ವ್ಯಾಪ್ತಿಯನ್ನೇ ಅಚ್ಚು ಹಾಕಬೇಕು.