ಪೆನಿಸಿಲಿನ್‌ಗೆ ಮಣಿಯದ ವಾರ್ಡು

ಆ್ಯಂಟಿಬಯೋಟಿಕ್ ನಿರೋಧದ ಬಗ್ಗೆ ಸೂಕ್ಷ್ಮಜೀವಿಶಾಸ್ತ್ರಜ್ಞರು ಎಲ್ಲಿ ಮಾತಾಡಿದರೂ ಸಭೆಯಿಂದ ಬರುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಪದೇ ಪದೇ ತಗೊಂಡರೆ ಮೈಗೆ ಔಷಧಿ ಒಗ್ಗಿಹೋಗುತ್ತೆ, ಅಲ್ವಾ?" ಒಗ್ಗುವುದು ಮೈಗಲ್ಲ, ಬ್ಯಾಕ್ಟೀರಿಯಾಕ್ಕೆ ಎಂದು ಭಾಷಣಕಾರರು ತಿದ್ದುತ್ತಾರೆ. ಅಲ್ಲಿಗೆ ಸಭೆ ಸುಮ್ಮನಾಗುತ್ತದೆ. ಆದರೆ ಕೇಳಬೇಕಾದ ಪ್ರಶ್ನೆಗಳು ಶುರುವಾಗುವುದೇ ಅಲ್ಲಿಂದ. ಬ್ಯಾಕ್ಟೀರಿಯಾಕ್ಕೆ ಒಗ್ಗುವುದು ಎಂದರೇನು? ಆ ಶಕ್ತಿ ಅದಕ್ಕೆ ಯಾವಾಗ ಬಂತು? ಒಬ್ಬ ರೋಗಿಯಲ್ಲಿದ್ದದ್ದು ವಾರ್ಡಿನ ತುಂಬ ಹೇಗೆ ಹರಡಿತು? ಹರಡಿದ್ದನ್ನು ಹಿಂದಕ್ಕೆ ಸರಿಸಲು ಸಾಧ್ಯವೇ? ಈ ನಾಲ್ಕಕ್ಕೂ ಉತ್ತರ ಒಂದೇ ಕಡೆ ಸಿಗುವ ಕಥೆಯೊಂದಿದೆ. ಅದು ನಡೆದದ್ದು ಲಂಡನ್ನಿನಲ್ಲಿ, 1946ರಿಂದ 1961ರ ನಡುವೆ. ಅದರ ಮುಖ್ಯ ವ್ಯಕ್ತಿ ಮೇರಿ ಬಾರ್ಬರ್ ಎಂಬ ವೈದ್ಯೆ.

ಮೊದಲೇ ಬಂದಿದ್ದ ಸೂಚನೆ

ಪೆನಿಸಿಲಿನ್ ಮೊದಲ ಬಾರಿಗೆ ಗಂಭೀರ ಸೋಂಕಿನ ರೋಗಿಯೊಬ್ಬನ ಮೈಗೆ ಇಂಜೆಕ್ಷನ್ನಾಗಿ ಹೋದದ್ದು 1941ರ ಫೆಬ್ರವರಿಯಲ್ಲಿ, ಆಕ್ಸ್‌ಫರ್ಡಿನಲ್ಲಿ. ಆತ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸ್ ಪೇದೆ. ಔಷಧಿ ಕೆಲಸ ಮಾಡಿತು, ಆದರೆ ದಾಸ್ತಾನು ಮುಗಿದುಹೋಗಿ ಆತ ಉಳಿಯಲಿಲ್ಲ. ಇದಕ್ಕೆ ಎರಡು ತಿಂಗಳ ಮುಂಚೆಯೇ, 1940ರ ಡಿಸೆಂಬರಿನಲ್ಲಿ, ಅದೇ ತಂಡದ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್‌ಸ್ಟ್ ಚೇನ್ 'ನೇಚರ್' ಪತ್ರಿಕೆಯಲ್ಲಿ ಪುಟ್ಟ ಟಿಪ್ಪಣಿಯೊಂದನ್ನು ಬರೆದಿದ್ದರು. ಕರುಳಿನಲ್ಲಿರುವ ಬ್ಯಾಕ್ಟೀರಿಯಾವನ್ನು ಅರೆದು ತೆಗೆದ ರಸದಲ್ಲಿ ಪೆನಿಸಿಲಿನ್ನನ್ನು ನಾಶ ಮಾಡುವ ಕಿಣ್ವವೊಂದಿದೆ ಎಂಬುದು ಅದರ ಸಾರಾಂಶ. ಆ ಕಿಣ್ವಕ್ಕೆ ಅವರು ಪೆನಿಸಿಲಿನೇಸ್ ಎಂದು ಹೆಸರಿಟ್ಟರು. ಅಂದರೆ ಔಷಧಿ ಬಳಕೆಗೆ ಬರುವ ಮುಂಚೆಯೇ ಅದನ್ನು ಕತ್ತರಿಸುವ ಕತ್ತರಿ ನಿಸರ್ಗದಲ್ಲಿತ್ತು.

ಆ ಕತ್ತರಿ ಕೆಲಸ ಮಾಡುವ ಬಗೆ ಸರಳ. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಗೋಡೆಯೊಂದಿದೆ. ಆ ಗೋಡೆಯ ಎಳೆಗಳನ್ನು ಒಂದಕ್ಕೊಂದು ಹೆಣೆಯಲು ಅದರಲ್ಲಿ ಕೆಲವು ಪ್ರೋಟೀನುಗಳಿವೆ. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಪರಮಾಣುಗಳ ಬಿಗಿಯಾದ ಉಂಗುರವಿದೆ. ಅದು ಹೆಣೆಯುವ ಪ್ರೋಟೀನಿಗೆ ಅಂಟಿ ಕೂತುಬಿಡುತ್ತದೆ. ಹೆಣಿಗೆ ನಿಲ್ಲುತ್ತದೆ, ಬೆಳೆಯುತ್ತಿರುವ ಬ್ಯಾಕ್ಟೀರಿಯಾದ ಗೋಡೆ ಸೀಳಿ ಅದು ಸಾಯುತ್ತದೆ. ಪೆನಿಸಿಲಿನೇಸ್ ಕಿಣ್ವ ಆ ಉಂಗುರವನ್ನು ಒಂದು ಕಡೆ ಬಿಚ್ಚುತ್ತದೆ. ಬಿಚ್ಚಿದ ಉಂಗುರ ಯಾವುದಕ್ಕೂ ಅಂಟುವುದಿಲ್ಲ.

14ರಿಂದ 59

ಯುದ್ಧ ಮುಗಿಯುತ್ತಲೇ ಪೆನಿಸಿಲಿನ್ ಜನಸಾಮಾನ್ಯರಿಗೆ ಸಿಗತೊಡಗಿತು. ಇಂಜೆಕ್ಷನ್ನು, ಮುಲಾಮು, ಗಂಟಲಿಗೆ ಚೀಪುವ ಗುಳಿಗೆ ಎಲ್ಲವೂ ಬಂದವು. 1945ರ ನೊಬೆಲ್ ಭಾಷಣದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಚ್ಚರಿಕೆಯ ಕಥೆಯೊಂದನ್ನು ಕಟ್ಟಿ ಹೇಳಿದ್ದರು. ಒಬ್ಬ ಮನುಷ್ಯ ಗಂಟಲುನೋವಿಗೆ ತಾನೇ ಪೆನಿಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಅವನ ಗಂಟಲಿನ ಸ್ಟ್ರೆಪ್ಟೊಕಾಕಸ್ ಸಾಯದೆ ಪಳಗುತ್ತದೆ. ಅದು ಹೆಂಡತಿಗೆ ಅಂಟಿ, ಔಷಧಿ ನಾಟದೆ ಅವಳು ಸಾಯುತ್ತಾಳೆ. ಈ ಎಚ್ಚರಿಕೆ ನಿಜವಾಯಿತು, ಆದರೆ ಅವರು ಹೇಳಿದ ದಾರಿಯಲ್ಲಿ ಅಲ್ಲ. ಅವರ ಕಥೆಯ ಗಂಟಲಿನ ಸ್ಟ್ರೆಪ್ಟೊಕಾಕಸ್ ಇವತ್ತಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ. ಮಣಿಯದೆ ಹೋದದ್ದು ಕುರು, ಗಾಯದ ಕೀವು, ಬಾಣಂತಿಯರ ಮೊಲೆಬಾವುಗಳಿಗೆ ಕಾರಣವಾದ ಸ್ಟೆಫೈಲೊಕಾಕಸ್ ಆರಿಯಸ್. ಅದು ಮಣಿಯದೆ ಹೋದದ್ದೂ ಅರೆಬರೆ ಗುಳಿಗೆ ನುಂಗಿದವರ ಮನೆಯಲ್ಲಿ ಅಲ್ಲ, ಔಷಧಿ ಧಾರಾಳವಾಗಿ ಹರಿಯುತ್ತಿದ್ದ ಆಸ್ಪತ್ರೆಗಳಲ್ಲಿ.

ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿದ್ದ ಮೇರಿ ಬಾರ್ಬರ್ ರೋಗಿಗಳ ಕೀವಿನಿಂದ ಬೆಳೆಸಿದ ಸ್ಟೆಫೈಲೊಕಾಕಸ್‌ಗಳಲ್ಲಿ ಎಷ್ಟು ಪೆನಿಸಿಲಿನ್ನನ್ನು ತಡೆದುಕೊಳ್ಳುತ್ತವೆ ಎಂದು ಲೆಕ್ಕ ಇಟ್ಟರು. 1946ರಲ್ಲಿ ಅದು ಶೇ. 14ರಷ್ಟಿತ್ತು. 1947ರಲ್ಲಿ ಶೇ. 38 ಆಯಿತು. 1948ಕ್ಕೆ ಶೇ. 59 ಮುಟ್ಟಿತು. ಎರಡೇ ವರ್ಷದಲ್ಲಿ ಅಪವಾದವಾಗಿದ್ದದ್ದು ಅರ್ಧಕ್ಕಿಂತ ಹೆಚ್ಚಾಗಿತ್ತು. ಭಾರತದಲ್ಲಿ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಪೆನಿಸಿಲಿನ್ ತಯಾರಿಸಲು ಶುರು ಮಾಡಿದ್ದು 1955ರಲ್ಲಿ. ಇಲ್ಲಿ ಮೊದಲ ಸೀಸೆಗಳು ಹೊರಬರುವ ಹೊತ್ತಿಗೆ ಅಲ್ಲಿನ ಆಸ್ಪತ್ರೆಗಳಲ್ಲಿ ಸ್ಟೆಫೈಲೊಕಾಕಸ್ ಮಟ್ಟಿಗೆ ಆ ಔಷಧಿಯನ್ನು ನಂಬುವಂತಿರಲಿಲ್ಲ.

ಕಲಿತದ್ದೋ, ಮೊದಲೇ ಇದ್ದದ್ದೋ

ಈ ಏರಿಕೆಗೆ ಆಗ ಎರಡು ವಿವರಣೆಗಳು ಸಾಧ್ಯವಿದ್ದವು. ಚಿಕಿತ್ಸೆಯ ಹೊತ್ತಿನಲ್ಲಿ ಪ್ರತಿಯೊಬ್ಬ ರೋಗಿಯ ಬ್ಯಾಕ್ಟೀರಿಯಾವೂ ನಿಧಾನವಾಗಿ ಪಳಗುತ್ತಿರಬಹುದು. ಇಲ್ಲವೇ ಮೊದಲೇ ಇದ್ದ ಕೆಲವು ತಳಿಗಳು ಉಳಿದವುಗಳ ಜಾಗವನ್ನು ಹಿಡಿಯುತ್ತಿರಬಹುದು. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಂಡರೂ ಪರಿಹಾರ ಬೇರೆ ಬೇರೆ. ಮೊದಲನೆಯದು ನಿಜವಾದರೆ ಔಷಧಿಯ ಪ್ರಮಾಣ ಹೆಚ್ಚಿಸಬೇಕು. ಎರಡನೆಯದು ನಿಜವಾದರೆ ಹರಡುವಿಕೆಯನ್ನು ತಡೆಯಬೇಕು.

ಬಾರ್ಬರ್ ಇವೆರಡನ್ನೂ ಬೇರ್ಪಡಿಸಿ ನೋಡಿದರು. ಪ್ರಯೋಗಾಲಯದಲ್ಲಿ ಔಷಧಿಯನ್ನು ಹಂತಹಂತವಾಗಿ ಏರಿಸುತ್ತ ಸ್ಟೆಫೈಲೊಕಾಕಸನ್ನು ಪಳಗಿಸಬಹುದಿತ್ತು. ಆದರೆ ಹಾಗೆ ಪಳಗಿದ್ದು ಸೊರಗುತ್ತಿತ್ತು, ನಿಧಾನ ಬೆಳೆಯುತ್ತಿತ್ತು, ಕಿಣ್ವ ತಯಾರಿಸುತ್ತಿರಲಿಲ್ಲ. ವಾರ್ಡಿನಿಂದ ಬಂದ ತಳಿಗಳು ಹಾಗಿರಲಿಲ್ಲ. ಅವು ದಷ್ಟಪುಷ್ಟವಾಗಿದ್ದವು, ಪೆನಿಸಿಲಿನೇಸ್ ತಯಾರಿಸುತ್ತಿದ್ದವು. ಅವನ್ನು ಗುರುತಿಸಲು ಒಂದು ಲಕ್ಷಣವೂ ಇತ್ತು. ಪೆನಿಸಿಲಿನ್ ಇಟ್ಟ ತಟ್ಟೆಯಲ್ಲಿ ಮಾಮೂಲಿ ಬ್ಯಾಕ್ಟೀರಿಯಾ ಔಷಧಿಯ ಹತ್ತಿರ ಬರುತ್ತ ತೆಳುವಾಗುತ್ತ ಮಾಯವಾಗುತ್ತದೆ. ಕಿಣ್ವ ಮಾಡುವ ತಳಿಯಾದರೆ ಅಂಚು ತಟ್ಟನೆ ಕಡಿದಂತಿರುತ್ತದೆ, ಅಂಚಿನಲ್ಲಿ ದಪ್ಪ ದಪ್ಪ ಚುಕ್ಕೆಗಳು ನಿಂತಿರುತ್ತವೆ. ಅವು ಸುತ್ತಲಿನ ಔಷಧಿಯನ್ನು ಕರಗಿಸಿ ತಮಗೆ ಜಾಗ ಮಾಡಿಕೊಂಡಿರುತ್ತವೆ.

ಇದರಿಂದ ಪ್ರಯೋಗಾಲಯಕ್ಕೊಂದು ಅಪಾಯವೂ ಇತ್ತು. ತಟ್ಟೆಗೆ ಕೆಲವೇ ಬ್ಯಾಕ್ಟೀರಿಯಾ ಹಾಕಿದರೆ ಅವುಗಳ ಕಿಣ್ವ ಸಾಲದೆ ಔಷಧಿ ಗೆಲ್ಲುತ್ತದೆ, ವರದಿಯಲ್ಲಿ 'ಔಷಧಿ ನಾಟುತ್ತದೆ' ಎಂದು ಬರುತ್ತದೆ. ಕೀವು ತುಂಬಿದ ಗಾಯದಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವುದರಿಂದ ಅಲ್ಲಿ ಔಷಧಿ ಸೋಲುತ್ತದೆ. ಪರೀಕ್ಷೆಗೆ ಎಷ್ಟು ಬ್ಯಾಕ್ಟೀರಿಯಾ ಹಾಕಬೇಕು ಎಂದು ಇವತ್ತು ಪ್ರಯೋಗಾಲಯಗಳು ಕಟ್ಟುನಿಟ್ಟಾಗಿ ನಿಗದಿ ಮಾಡಿಕೊಂಡಿರುವುದಕ್ಕೆ ಇಂಥ ಎಡವಟ್ಟುಗಳೂ ಕಾರಣ.

ಯಾರ ಮೂಗಿನಿಂದ ಯಾರ ಗಾಯಕ್ಕೆ

ಒಂದೇ ಜಾತಿಯ ಬ್ಯಾಕ್ಟೀರಿಯಾದಲ್ಲಿ ಒಂದು ತಳಿಯನ್ನು ಇನ್ನೊಂದರಿಂದ ಬೇರ್ಪಡಿಸಲು ಆಗ ಫೇಜ್ ಟೈಪಿಂಗ್ ಎಂಬ ವಿಧಾನವಿತ್ತು. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸುಗಳಿಗೆ ಫೇಜ್ ಎನ್ನುತ್ತಾರೆ. ನಂಬರ್ ಹಾಕಿದ ಫೇಜ್‌ಗಳನ್ನು ಹನಿಹನಿಯಾಗಿ ತಟ್ಟೆಯ ಮೇಲೆ ಬಿಟ್ಟು, ಯಾವ ನಂಬರಿನ ಹನಿ ಬಿದ್ದಲ್ಲಿ ಬ್ಯಾಕ್ಟೀರಿಯಾ ಸತ್ತಿತು ಎಂದು ನೋಡಿದರೆ ತಳಿಯ ಗುರುತು ಸಿಗುತ್ತದೆ. ಹ್ಯಾಮರ್‌ಸ್ಮಿತ್‌ನ ನಿರೋಧಕ ತಳಿಗಳನ್ನು ಹೀಗೆ ಗುರುತಿಸಿದಾಗ ಅವು ನೂರು ರೋಗಿಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ನೂರು ಬಗೆಗಳಾಗಿರಲಿಲ್ಲ. ಹತ್ತಿರದ ಸಂಬಂಧಿಗಳ ಕೆಲವೇ ಕುಟುಂಬಗಳಾಗಿದ್ದವು. ಅಂದರೆ ಅವು ಒಬ್ಬರಿಂದೊಬ್ಬರಿಗೆ ದಾಟಿದ್ದವು.

ದಾಟುವ ದಾರಿ ಕಣ್ಣೆದುರೇ ಇತ್ತು. ಆರೋಗ್ಯವಂತರಲ್ಲೂ ಸುಮಾರು ಮೂರರಲ್ಲೊಬ್ಬರ ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ವಾಸಿಸುತ್ತದೆ. ಅಲ್ಲಿಂದ ಕೈಗೆ, ಕೈಯಿಂದ ಡ್ರೆಸ್ಸಿಂಗ್ ಮಾಡುವ ಗಾಯಕ್ಕೆ, ಕಂಬಳಿ ಕೊಡವಿದಾಗ ಧೂಳಿಗೆ ಹೋಗುತ್ತದೆ. ಪೆನಿಸಿಲಿನ್ ಕೊಟ್ಟ ರೋಗಿಯ ಮೂಗು ಮತ್ತು ಚರ್ಮದಲ್ಲಿ ಮಣಿಯುವ ತಳಿಗಳು ಸತ್ತು ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗಕ್ಕೆ ಪಕ್ಕದ ಹಾಸಿಗೆಯ ನಿರೋಧಕ ತಳಿ ಬಂದು ಕೂರುತ್ತದೆ. ದುರ್ಬಳಕೆ ಮತ್ತು ಸೋಂಕು ಹರಡುವಿಕೆ ಜೋಡಿಯಾಗುವುದು ಇಲ್ಲಿ: ಔಷಧಿ ಜಾಗ ತೆರವು ಮಾಡಿಕೊಟ್ಟಿತು, ತೊಳೆಯದ ಕೈ ಬಾಡಿಗೆದಾರನನ್ನು ಕರೆತಂದಿತು. ಎರಡರಲ್ಲಿ ಯಾವುದು ಇಲ್ಲದಿದ್ದರೂ ಎರಡು ವರ್ಷದಲ್ಲಿ 14 ಹೋಗಿ 59 ಆಗುವುದು ಕಷ್ಟವಿತ್ತು.

ಹಿಂದಕ್ಕೆ ಸರಿದ ಲೆಕ್ಕ

ಹ್ಯಾಮರ್‌ಸ್ಮಿತ್ ಬಿಟ್ಟು ಹೋಗಿದ್ದ ಬಾರ್ಬರ್ 1958ರಲ್ಲಿ ಮತ್ತೆ ಅಲ್ಲಿಗೆ ಬಂದರು. ಈ ಬಾರಿ ಅವರೂ ಸಹೋದ್ಯೋಗಿಗಳೂ ಸೇರಿ ಇಡೀ ಆಸ್ಪತ್ರೆಗೆ ಮೂರು ನಿಯಮ ತಂದರು. ಪೆನಿಸಿಲಿನ್ ಬಳಕೆಗೆ ಕಡಿವಾಣ ಹಾಕಿದರು, ಸೋಂಕಿಲ್ಲದವರಿಗೆ 'ಇರಲಿ' ಎಂದು ಕೊಡುವ ಅಭ್ಯಾಸವನ್ನು ತಡೆದರು. ಉಳಿದ ಆ್ಯಂಟಿಬಯೋಟಿಕ್‌ಗಳನ್ನು ಒಂಟಿಯಾಗಿ ಕೊಡದೆ ಜೋಡಿಯಾಗಿ ಕೊಟ್ಟರು. ಒಬ್ಬರಿಂದೊಬ್ಬರಿಗೆ ಸೋಂಕು ದಾಟದಂತೆ ವಾರ್ಡಿನಲ್ಲಿ ಬಿಗಿ ಕ್ರಮ ತಂದರು.

ಜೋಡಿಯ ಲೆಕ್ಕಾಚಾರ ಹೀಗೆ. ಒಂದು ಔಷಧಿಯನ್ನು ತಡೆಯುವ ಬದಲಾವಣೆ ಕೋಟಿ ಬ್ಯಾಕ್ಟೀರಿಯಾದಲ್ಲಿ ಒಂದಕ್ಕೆ ಆಗುತ್ತದೆ ಎಂದಿಟ್ಟುಕೊಳ್ಳಿ. ಗಾಯದಲ್ಲಿ ನೂರು ಕೋಟಿ ಇದ್ದರೆ ಅಂಥವು ನೂರು ಇರುತ್ತವೆ. ಎರಡನ್ನೂ ಒಟ್ಟಿಗೆ ತಡೆಯಬಲ್ಲದ್ದು ಕೋಟಿ ಕೋಟಿಗೊಂದು. ಅಷ್ಟು ಬ್ಯಾಕ್ಟೀರಿಯಾ ಒಂದು ಗಾಯದಲ್ಲಿ ಇರುವುದಿಲ್ಲ. ಈ ಲೆಕ್ಕಕ್ಕೆ ಮಿತಿಯೂ ಇದೆ. ಪೆನಿಸಿಲಿನೇಸ್‌ನಂತೆ ಸಿದ್ಧವಾಗಿರುವ ಜೀನ್ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟುವಾಗ ಅದು ನಡೆಯುವುದಿಲ್ಲ.

1960ರ ಜನವರಿಯಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಅವರ ಫಲಿತಾಂಶವನ್ನು ಪ್ರಕಟಿಸಿತು. ಆಸ್ಪತ್ರೆಯಲ್ಲಿ ಪೆನಿಸಿಲಿನ್ ನಿರೋಧಕ ಸೋಂಕುಗಳ ಪಾಲು ಇಳಿದಿತ್ತು. ಔಷಧಿ ಇಲ್ಲದಾಗ ನಿರೋಧಕ ತಳಿಗೆ ಮೇಲುಗೈ ಇರಲಿಲ್ಲ. ಹೊರಗಿನಿಂದ ಬರುವ ರೋಗಿಗಳು ತಮ್ಮೊಂದಿಗೆ ಮಣಿಯುವ ತಳಿಗಳನ್ನು ತರುತ್ತಿದ್ದರು, ಖಾಲಿಯಾಗದ ಜಾಗದಲ್ಲಿ ಅವೇ ಉಳಿಯುತ್ತಿದ್ದವು. ಮೂರು ನಿಯಮಗಳನ್ನು ಒಟ್ಟಿಗೆ ತಂದದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವಂತಿಲ್ಲ. ಅದೇ ಸುಮಾರಿಗೆ, 1959ರಲ್ಲಿ, ಇಂಗ್ಲೆಂಡಿನ ಟಾರ್‌ಬೇ ಆಸ್ಪತ್ರೆ ಸೋಂಕು ತಡೆಯ ಕೆಲಸಕ್ಕೆಂದೇ ಒಬ್ಬ ನರ್ಸನ್ನು ನೇಮಿಸಿತು. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿರುವ ಸೋಂಕು ನಿಯಂತ್ರಣ ನರ್ಸ್ ಹುದ್ದೆ ಸ್ಟೆಫೈಲೊಕಾಕಸ್ ಹಾವಳಿಯಿಂದ ಹುಟ್ಟಿದ್ದು.

ಹೊಸ ಔಷಧಿ, ಹಳೆಯ ಜೀನ್

ಆದರೆ ಎಲ್ಲರ ಗಮನ ಬೇರೆ ಕಡೆ ಹೋಯಿತು. ಅದೇ 1960ರಲ್ಲಿ ಬ್ರಿಟನ್ನಿನ ಬೀಚಮ್ ಕಂಪನಿ ಮೆಥಿಸಿಲಿನ್ ತಂದಿತು. ಪೆನಿಸಿಲಿನ್ ಉಂಗುರದ ಪಕ್ಕದಲ್ಲಿ ದಪ್ಪನೆಯ ಗುಂಪೊಂದನ್ನು ಜೋಡಿಸಿ, ಕಿಣ್ವದ ಕತ್ತರಿ ಹತ್ತಿರ ಬಾರದಂತೆ ಮಾಡಿದ ಔಷಧಿ ಅದು. ಸಮಸ್ಯೆ ಮುಗಿಯಿತು ಎನ್ನಿಸಿತ್ತು. 1961ರ ಜನವರಿಯಲ್ಲಿ ಲಂಡನ್ನಿನ ಕೊಲಿಂಡೇಲ್ ಪ್ರಯೋಗಾಲಯದ ಪೆಟ್ರೀಷಿಯಾ ಜೆವನ್ಸ್ ಪುಟ್ಟ ಪತ್ರವೊಂದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ 5000ಕ್ಕೂ ಹೆಚ್ಚು ತಳಿಗಳಲ್ಲಿ ಮೂರು ಮೆಥಿಸಿಲಿನ್‌ಗೂ ಮಣಿಯಲಿಲ್ಲ. ಮೂರೂ ಒಂದೇ ಆಸ್ಪತ್ರೆಯವು. ಈ ತಳಿಗಳು ಕತ್ತರಿಯನ್ನು ನೆಚ್ಚಿಕೊಂಡಿರಲಿಲ್ಲ. ಔಷಧಿ ಅಂಟದಂಥ ಇನ್ನೊಂದು ಹೆಣೆಯುವ ಪ್ರೋಟೀನನ್ನೇ ಇಟ್ಟುಕೊಂಡಿದ್ದವು. ಇವತ್ತು ಎಂಆರ್‌ಎಸ್‌ಎ ಎಂದು ಕರೆಯುವುದು ಇದನ್ನೇ.

ಆ ಹಳೆಯ ತಳಿಗಳನ್ನು ಪ್ರಯೋಗಾಲಯದಲ್ಲಿ ಕಾದಿಟ್ಟಿದ್ದರು. ಅವುಗಳ ಜೀನೋಮನ್ನು ಓದಿದ ಸಂಶೋಧಕರು 2017ರಲ್ಲಿ ವರದಿ ಮಾಡಿದ್ದು ಇದು: ಮೆಥಿಸಿಲಿನ್ ನಿರೋಧದ ಜೀನ್ ಈ ಬ್ಯಾಕ್ಟೀರಿಯಾಕ್ಕೆ ಸೇರಿದ್ದು 1940ರ ದಶಕದ ನಡುವೆ, ಮೆಥಿಸಿಲಿನ್ ಬರುವುದಕ್ಕೆ ಸುಮಾರು ಹದಿನೈದು ವರ್ಷ ಮೊದಲು. ಅದನ್ನು ಆರಿಸಿ ಬೆಳೆಸಿದ್ದು ಆ ವರ್ಷಗಳಲ್ಲಿ ಎಗ್ಗಿಲ್ಲದೆ ಬಳಸಿದ ಪೆನಿಸಿಲಿನ್ ಎಂಬುದು ಅವರ ಅಂದಾಜು. ಹೊಸ ಔಷಧಿಯ ಸೋಲು ಹಳೆಯ ಔಷಧಿಯ ದುಂದಿನಲ್ಲೇ ತಯಾರಾಗಿತ್ತು.

ಮೇರಿ ಬಾರ್ಬರ್ 1965ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರ ಲೆಕ್ಕದ ಪುಸ್ತಕ ಎತ್ತಿಕೊಟ್ಟ ಪ್ರಶ್ನೆಗಳು ಮುಂದಿನ ಯಾವ ಭಾಷಣದಲ್ಲೂ ಕೇಳಲು ಯೋಗ್ಯವಾದವು. ಈ ಆಸ್ಪತ್ರೆಯಲ್ಲಿ ನಿರೋಧಕ ತಳಿಗಳ ಪಾಲು ಈ ವರ್ಷ ಎಷ್ಟು, ಕಳೆದ ವರ್ಷ ಎಷ್ಟಿತ್ತು? ಅವು ಒಂದೇ ತಳಿಯೋ, ಹಲವೋ? ಆಪರೇಷನ್ ಮುಗಿದ ಮೇಲೂ 'ಇರಲಿ' ಎಂದು ಎಷ್ಟು ದಿನ ಆ್ಯಂಟಿಬಯೋಟಿಕ್ ಕೊಡುತ್ತೀರಿ? ವಾರ್ಡಿನಲ್ಲಿ ಕೈ ತೊಳೆದರೋ ಇಲ್ಲವೋ ಎಂದು ನೋಡಿ ಬರೆದಿಡುವವರು ಯಾರು?