ನಿಂತ ಕಡತಕ್ಕೆ ಮಾಹಿತಿ ಅರ್ಜಿ (ಸ್ಯಾಂಟ್ರಿ, ಐರ್ಲೆಂಡ್)

ತಿಂಗಳುಗಟ್ಟಲೆ ಮುಂದೆ ಸಾಗದ ಕಡತ ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ, ಅದರ ಟಿಪ್ಪಣಿ ಹಾಳೆಯಲ್ಲಿ ಯಾರು ಏನು ಬರೆದಿದ್ದಾರೆ ಎಂಬುದನ್ನು ಸರ್ಕಾರಿ ಕಚೇರಿಯಿಂದ ಕಾನೂನಿನ ಬಲದ ಮೇಲೆ ತಿಳಿದುಕೊಳ್ಳಲು ಬರೆಯುವ ಅರ್ಜಿ. ಕರ್ನಾಟಕದಲ್ಲಿ ಇದಕ್ಕೆ 2005ರ ಮಾಹಿತಿ ಹಕ್ಕು ಅಧಿನಿಯಮ ಆಧಾರ. ಐರ್ಲೆಂಡಿನಲ್ಲಿ 2014ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆ ಆಧಾರ. ಅಲ್ಲಿ ಇದನ್ನು ‘ಎಫ್‌ಓಐ’ ಎನ್ನುತ್ತಾರೆ. ಡಬ್ಲಿನ್ನಿನ ಉತ್ತರ ಭಾಗದಲ್ಲಿ, ವಿಮಾನ ನಿಲ್ದಾಣಕ್ಕೆ ಹತ್ತಿರವಿರುವ ಸ್ಯಾಂಟ್ರಿಯಲ್ಲಿ ಮನೆ ಮಾಡಿದ ಕನ್ನಡಿಗರಿಗೆ ಭಾರತದ ಪಾಸ್‌ಪೋರ್ಟ್ ಇರುವಷ್ಟು ದಿನ ಎರಡೂ ಕಾನೂನುಗಳು ಒದಗುತ್ತವೆ. ಆದರೆ ಊರಿನಲ್ಲಿ ಅರ್ಜಿ ಬರೆದು ಪಳಗಿದ ಕೈಯೂ ಐರ್ಲೆಂಡಿನಲ್ಲಿ ಮೊದಲ ಅರ್ಜಿಗೇ ಎಡವುವುದುಂಟು. ಎರಡು ಕಾನೂನುಗಳ ವ್ಯತ್ಯಾಸ ಪ್ರಶ್ನೆ ಕೇಳುವ ರೀತಿಯಲ್ಲೂ ಇದೆ, ಶುಲ್ಕದ ಲೆಕ್ಕದಲ್ಲೂ ಇದೆ.

ಹಿನ್ನೆಲೆ

ಐರ್ಲೆಂಡಿನ ಮೊದಲ ಮಾಹಿತಿ ಸ್ವಾತಂತ್ರ್ಯ ಕಾಯ್ದೆ 1997ರಲ್ಲಿ ಅಂಗೀಕಾರವಾಗಿ 1998ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಆಗ ಅರ್ಜಿ ಹಾಕಲು ಹಣ ಕೊಡಬೇಕಾಗಿರಲಿಲ್ಲ. 2003ರಲ್ಲಿ ಸರ್ಕಾರ ಕಾಯ್ದೆಯನ್ನು ತಿದ್ದಿ, ಸ್ವಂತ ವಿಷಯವಲ್ಲದ ಪ್ರತಿ ಅರ್ಜಿಗೆ 15 ಯೂರೊ ಶುಲ್ಕ ಹೇರಿತು. ಪರಿಣಾಮ ಬೇಗನೆ ಕಾಣಿಸಿತು. ಅರ್ಜಿಗಳ ಸಂಖ್ಯೆ ಕುಸಿಯಿತು, ಅದರಲ್ಲೂ ಪತ್ರಕರ್ತರ ಅರ್ಜಿಗಳು ಬಹಳ ಇಳಿದವು. ಆಗಿನ ಮಾಹಿತಿ ಆಯುಕ್ತೆ ಎಮಿಲಿ ಓ’ರೈಲಿ ಈ ಶುಲ್ಕವನ್ನು ಬಹಿರಂಗವಾಗಿಯೇ ಟೀಕಿಸಿದರು. 2014ರ ಅಕ್ಟೋಬರ್‌ನಲ್ಲಿ ಹೊಸ ಕಾಯ್ದೆ ಬಂದಾಗ ಆ 15 ಯೂರೊ ರದ್ದಾಯಿತು. ಇಂದು ಅರ್ಜಿ ಸಲ್ಲಿಸುವುದಕ್ಕೆ ಶುಲ್ಕವಿಲ್ಲ. ದಾಖಲೆ ಹುಡುಕುವ ಶ್ರಮಕ್ಕೆ ಮಾತ್ರ ಕೆಲವೊಮ್ಮೆ ದುಡ್ಡು ಕಟ್ಟಬೇಕು.

ಪ್ರಶ್ನೆಯನ್ನು ದಾಖಲೆಯಾಗಿಸುವುದು

‘ನನ್ನ ಕಡತ ಏಕೆ ತಡವಾಯಿತು? ಇದಕ್ಕೆ ಯಾರು ಹೊಣೆ? ಯಾವಾಗ ಇತ್ಯರ್ಥವಾಗುತ್ತದೆ?’ ಕಾದು ಬೇಸತ್ತವರ ಪೆನ್ನಿಗೆ ಮೊದಲು ಬರುವುದು ಈ ಮೂರು ಪ್ರಶ್ನೆಗಳೇ. ಐರಿಷ್ ಕಾನೂನಿನಲ್ಲಿ ಮೂರೂ ದುರ್ಬಲ. ಕಾಯ್ದೆ ಕೊಡುವುದು ದಾಖಲೆ ನೋಡುವ ಹಕ್ಕನ್ನು. ಪ್ರಶ್ನೆಗೆ ಉತ್ತರ ಬರೆದುಕೊಡುವ ಬಾಧ್ಯತೆಯನ್ನು ಅದು ಕಚೇರಿಯ ಮೇಲೆ ಹೊರಿಸುವುದಿಲ್ಲ. ಕೇಳಿದ ಪ್ರಶ್ನೆಯ ಹಿಂದೆ ಇಂಥ ದಾಖಲೆ ಇದೆ ಎಂದು ಸಹಜವಾಗಿ ಊಹಿಸಬಹುದಾದರೆ ಮಾತ್ರ ಆ ದಾಖಲೆಯನ್ನು ಕೊಡಬೇಕು. ಭಾರತದಲ್ಲೂ ತತ್ವ ಬಹುಮಟ್ಟಿಗೆ ಇದೇ. ಕಚೇರಿಯ ಬಳಿ ಇಲ್ಲದ ಮಾಹಿತಿಯನ್ನು ಹೊಸದಾಗಿ ಸೃಷ್ಟಿಸಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸಿಬಿಎಸ್‌ಇ ಮತ್ತು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ.

ಆದ್ದರಿಂದ ಬಲ್ಲವರು ಪ್ರತಿ ಪ್ರಶ್ನೆಯನ್ನೂ ಒಂದು ಕಾಗದವಾಗಿ ತಿರುಗಿಸಿ ಕೇಳುತ್ತಾರೆ. ‘ಏಕೆ ತಡ’ ಎನ್ನುವ ಬದಲು ಇಂಥ ದಿನದಿಂದ ಇಂಥ ದಿನದವರೆಗಿನ ಟಿಪ್ಪಣಿಗಳು ಬೇಕೆನ್ನುತ್ತಾರೆ. ‘ಯಾರ ಬಳಿ ಇದೆ’ ಎನ್ನುವ ಬದಲು ಕಡತ ಯಾವ ವಿಭಾಗದಿಂದ ಯಾವ ವಿಭಾಗಕ್ಕೆ ಯಾವ ದಿನಾಂಕದಂದು ಹೋಯಿತು ಎಂದು ತೋರಿಸುವ ಕಂಪ್ಯೂಟರ್ ದಾಖಲೆಯ ಪ್ರತಿ ಕೇಳುತ್ತಾರೆ. ‘ಯಾವಾಗ ಮುಗಿಯುತ್ತದೆ’ ಎಂಬುದನ್ನು ಬಿಟ್ಟು, ಈ ಬಗೆಯ ಅರ್ಜಿಗಳನ್ನು ಯಾವ ಕ್ರಮದಲ್ಲಿ ಕೈಗೆತ್ತಿಕೊಳ್ಳಬೇಕೆಂದು ಸಿಬ್ಬಂದಿಗೆ ಕೊಟ್ಟಿರುವ ಲಿಖಿತ ಸೂಚನೆಯನ್ನು ಕೇಳುತ್ತಾರೆ.

ಪೌರತ್ವದ ಕಡತ: ಒಂದು ಮಾದರಿ

ಐರ್ಲೆಂಡಿಗೆ ಕೆಲಸಕ್ಕೆಂದು ಬಂದ ಭಾರತೀಯ ಕುಟುಂಬಗಳು ದೀರ್ಘಕಾಲ ಕಾಯುವ ಕಡತಗಳಲ್ಲಿ ಮುಖ್ಯವಾದುದು ಪೌರತ್ವದ ಅರ್ಜಿ. ಲೆಕ್ಕಕ್ಕೆ ಸಿಗುವ ಐದು ವರ್ಷಗಳ ವಾಸ ಮುಗಿದ ಮೇಲೆ 175 ಯೂರೊ ಕಟ್ಟಿ ಅರ್ಜಿ ಹಾಕಬೇಕು. ಮಂಜೂರಾದರೆ ವಯಸ್ಕರು ಪ್ರಮಾಣಪತ್ರಕ್ಕೆ ಇನ್ನೂ 950 ಯೂರೊ ತೆರಬೇಕು. ತೀರ್ಮಾನ ನ್ಯಾಯ ಇಲಾಖೆಯ ಸಚಿವರ ಪೂರ್ಣ ವಿವೇಚನೆಗೆ ಬಿಟ್ಟದ್ದು ಎಂದು 1956ರ ಪೌರತ್ವ ಕಾಯ್ದೆ ಹೇಳುತ್ತದೆ. ಇಷ್ಟೇ ದಿನದೊಳಗೆ ಮುಗಿಸಬೇಕೆಂಬ ಗಡುವು ಅದರಲ್ಲಿಲ್ಲ. ಕರ್ನಾಟಕದ ‘ಸಕಾಲ’ದಂತೆ ಗಡುವು ಮೀರಿದ ದಿನಕ್ಕೆ 20 ರೂಪಾಯಿ ಪರಿಹಾರ ಕೇಳುವ ದಾರಿ ಇಲ್ಲಿಲ್ಲ. ಗಡುವೇ ಇಲ್ಲದ ಕಡೆ ‘ಗಡುವು ಮೀರಿದ್ದೇಕೆ’ ಎಂದು ಕೇಳಿ ಪ್ರಯೋಜನವಿಲ್ಲ. ಕಡತ ನಡೆದ ಹೆಜ್ಜೆಗಳನ್ನಷ್ಟೇ ಕೇಳಬಹುದು.

ಸ್ಯಾಂಟ್ರಿಯ ಒಬ್ಬ ಅರ್ಜಿದಾರರು ಬರೆಯಬಹುದಾದ ಪತ್ರದ ತಿರುಳು ಹೀಗಿರುತ್ತದೆ. ಮೂಲದಲ್ಲಿ ಅದು ಇಂಗ್ಲಿಷಿನಲ್ಲೋ ಐರಿಷ್ ಭಾಷೆಯಲ್ಲೋ ಇರಬೇಕು:

‘2014ರ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಈ ಅರ್ಜಿ. ನನ್ನ ಪೌರತ್ವ ಅರ್ಜಿಯ ಉಲ್ಲೇಖ ಸಂಖ್ಯೆ ಕೆಳಗಿದೆ. ಅರ್ಜಿ ಸ್ವೀಕರಿಸಿದ ದಿನದಿಂದ ಇಂದಿನವರೆಗೆ ಈ ಕೆಳಗಿನವು ಬೇಕು: ಒಂದು, ಕಡತ ನಿರ್ವಹಣಾ ವ್ಯವಸ್ಥೆಯಲ್ಲಿ ನಮೂದಾದ ಎಲ್ಲ ದಿನಾಂಕ ಮತ್ತು ಹಂತಗಳ ಮುದ್ರಿತ ಪ್ರತಿ. ಎರಡು, ನನ್ನ ಅರ್ಜಿಯ ಬಗ್ಗೆ ಬರೆದ ಒಳಟಿಪ್ಪಣಿ ಮತ್ತು ಇ-ಮೇಲ್‌ಗಳು. ಮೂರು, ಬೇರೆ ಸಂಸ್ಥೆಗಳಿಗೆ ತಪಾಸಣೆಗೆ ಕಳಿಸಿದ ದಿನ ಮತ್ತು ಉತ್ತರ ಬಂದ ದಿನ ತೋರಿಸುವ ಕಾಗದಗಳು. ಇ-ಮೇಲ್ ಮೂಲಕ ಪ್ರತಿ ಸಾಕು.’

ಮೊದಲ ವಾಕ್ಯ ಅಲಂಕಾರಕ್ಕಲ್ಲ. ಕಾಯ್ದೆಯ ಹೆಸರಿಲ್ಲದ ಪತ್ರವನ್ನು ಕಚೇರಿ ಸಾಮಾನ್ಯ ವಿಚಾರಣೆ ಎಂದು ಪರಿಗಣಿಸಬಹುದು. ಆಗ ಕಾಯ್ದೆಯ ಗಡುವು ಶುರುವಾಗುವುದೇ ಇಲ್ಲ. ಹೆಸರಿದ್ದರೆ ಎರಡು ವಾರದೊಳಗೆ ಸ್ವೀಕೃತಿ ಬರಬೇಕು, ನಾಲ್ಕು ವಾರದೊಳಗೆ ತೀರ್ಮಾನ ತಿಳಿಸಬೇಕು. ಸ್ವಂತ ಮಾಹಿತಿಯಾದ್ದರಿಂದ ಗುರುತಿನ ಪುರಾವೆಯನ್ನು ಜೊತೆಗೇ ಇಟ್ಟರೆ ಇನ್ನೊಂದು ಸುತ್ತಿನ ಪತ್ರ ವ್ಯವಹಾರ ತಪ್ಪುತ್ತದೆ.

ಉತ್ತರದ ಕಟ್ಟಿನ ಮೇಲೆ ಸಾಮಾನ್ಯವಾಗಿ ಒಂದು ‘ಷೆಡ್ಯೂಲ್’ ಇರುತ್ತದೆ. ಇದು ಒಂದು ಪಟ್ಟಿ: ದಾಖಲೆಯ ಕ್ರಮಸಂಖ್ಯೆ, ದಿನಾಂಕ, ಒಂದು ಸಾಲಿನ ವಿವರ, ಪುಟಗಳು, ಪೂರ್ತಿ ಕೊಟ್ಟಿದೆಯೋ ಭಾಗಶಃವೋ ನಿರಾಕರಿಸಿದೆಯೋ, ನಿರಾಕರಿಸಿದ್ದರೆ ಯಾವ ಕಲಮು. ಅನುಭವಿಗಳು ಕಟ್ಟಿನೊಳಗಿನ ಕಾಗದಗಳಿಗಿಂತ ಮೊದಲು ಈ ಪಟ್ಟಿಯ ದಿನಾಂಕದ ಕಾಲಂ ಮೇಲೆ ಬೆರಳಾಡಿಸುತ್ತಾರೆ. 14ನೆಯ ದಾಖಲೆ ಮಾರ್ಚ್ ತಿಂಗಳದ್ದು, 15ನೆಯದು ನವೆಂಬರ್‌ನದ್ದು ಎಂದಿಟ್ಟುಕೊಳ್ಳಿ. ನಡುವಿನ ಎಂಟು ತಿಂಗಳಲ್ಲಿ ಕಡತದ ಮೇಲೆ ಒಂದು ಸಾಲೂ ಬರೆದಿಲ್ಲ ಎಂದಾಯಿತು. ‘ಏಕೆ ತಡ’ ಎಂಬ ಪ್ರಶ್ನೆಗೆ ಕಚೇರಿ ಬರೆದುಕೊಡದ ಉತ್ತರ ಆ ಎರಡು ಸಾಲುಗಳ ನಡುವೆ ಸಿಗುತ್ತದೆ. 14ನೆಯದು ಹೊರಗಿನ ತಪಾಸಣೆಗೆ ಕಳಿಸಿದ ಪತ್ರವಾಗಿದ್ದರೆ ತಡವಾದದ್ದು ಬೇರೆ ಕಡೆ. ಅರ್ಜಿದಾರರೇ ಕಳಿಸಿದ ದಾಖಲೆಯ ಸ್ವೀಕೃತಿಯಾಗಿದ್ದರೆ ತಡ ಇದೇ ಕಚೇರಿಯದ್ದು. ಮುಂದಿನ ಮನವಿಯನ್ನು ಯಾರಿಗೆ ಬರೆಯಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅರ್ಜಿಯಿಂದ ಕಡತ ತಾನಾಗಿ ಓಡುವುದಿಲ್ಲ. ತೀರ್ಮಾನ ಕೊಡಿ ಎಂದು ಆದೇಶಿಸುವ ಅಧಿಕಾರ ಈ ಕಾಯ್ದೆಗಿಲ್ಲ.

ಶುಲ್ಕದ ಲೆಕ್ಕ

ಸ್ವಂತ ವಿಷಯದ ದಾಖಲೆಗೆ, ಅವುಗಳ ಸಂಖ್ಯೆ ತೀರಾ ದೊಡ್ಡದಲ್ಲದಿದ್ದರೆ, ಹುಡುಕುವ ಶುಲ್ಕವೂ ಇಲ್ಲ. ಶುಲ್ಕದ ಮಾತು ಬರುವುದು ರಸ್ತೆ, ಮರ, ಕಟ್ಟಡ ಮುಂತಾದ ಸಾರ್ವಜನಿಕ ಕಡತಗಳಲ್ಲಿ. ಸ್ಯಾಂಟ್ರಿಯಲ್ಲಿ ಇದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಕಡತ ಯಾರದು? ಡಬ್ಲಿನ್ ಸಿಟಿ ಕೌನ್ಸಿಲ್ ಮತ್ತು ಫಿಂಗಲ್ ಕೌಂಟಿ ಕೌನ್ಸಿಲ್‌ಗಳ ಗಡಿ ಈ ಬಡಾವಣೆಯ ಮೇಲೆಯೇ ಹಾದುಹೋಗಿದೆ. ಒಬ್ಬರ ಕಚೇರಿ ನಗರದ ವುಡ್ ಕೀಯಲ್ಲಿದ್ದರೆ ಇನ್ನೊಬ್ಬರದು ಸೋರ್ಡ್ಸ್‌ನಲ್ಲಿದೆ. ಅರ್ಜಿ ತಪ್ಪು ಕಚೇರಿಗೆ ಹೋದರೂ ವ್ಯರ್ಥವಾಗುವುದಿಲ್ಲ. ದಾಖಲೆ ಇನ್ನೊಂದು ಸಂಸ್ಥೆಯ ಬಳಿ ಇದೆ ಎಂದು ತಿಳಿದರೆ ಎರಡು ವಾರದೊಳಗೆ ಅಲ್ಲಿಗೆ ವರ್ಗಾಯಿಸಿ ಅರ್ಜಿದಾರರಿಗೆ ತಿಳಿಸಬೇಕು.

ದರ ಹೀಗಿದೆ: ಹುಡುಕಿ ತೆಗೆಯಲು ಗಂಟೆಗೆ 20 ಯೂರೊ, ನಕಲಿಗೆ ಹಾಳೆಗೆ 4 ಸೆಂಟ್. ಆದರೆ ಒಟ್ಟು ಮೊತ್ತ 100 ಯೂರೊ ದಾಟದಿದ್ದರೆ ಏನೂ ಕಟ್ಟಬೇಕಿಲ್ಲ. 101 ಮುಟ್ಟಿತೆಂದರೆ ಮೇಲಿನ ಒಂದು ಯೂರೊ ಅಲ್ಲ, ಪೂರ್ತಿ ಮೊತ್ತ ಕಟ್ಟಬೇಕು. ಅದು ಎಷ್ಟೇ ಬೆಳೆದರೂ 500 ಯೂರೊ ಮೀರಿ ವಸೂಲು ಮಾಡುವಂತಿಲ್ಲ. ಅಂದಾಜು 700 ದಾಟಿದರೆ, ವ್ಯಾಪ್ತಿ ಕಿರಿದು ಮಾಡದ ಹೊರತು ಅರ್ಜಿಯನ್ನು ಕಚೇರಿ ನಿರಾಕರಿಸಬಹುದು.

ಒಂದು ರಸ್ತೆಯ ವೇಗತಡೆಯ ಪ್ರಸ್ತಾಪ ಮೂರು ವರ್ಷದಿಂದ ನಿಂತಿದೆ ಎಂದುಕೊಳ್ಳೋಣ. ‘ಈ ರಸ್ತೆಗೆ ಸಂಬಂಧಿಸಿದ ಎಲ್ಲ ದಾಖಲೆ’ ಎಂದು ಕೇಳಿದರೆ ಹುಡುಕಲು 7 ಗಂಟೆ, 120 ಹಾಳೆ ಎಂದು ಅಂದಾಜು ಬರುತ್ತದೆ. 140 ಯೂರೊಗೆ 4.80 ಸೇರಿ ಒಟ್ಟು 144.80. ಇದರ ಕನಿಷ್ಠ ಐದನೆಯ ಒಂದು ಭಾಗ, ಅಂದರೆ 28.96 ಯೂರೊ ಠೇವಣಿ ಬರುವವರೆಗೆ ಕಚೇರಿಯ ಗಡಿಯಾರ ನಿಂತಿರುತ್ತದೆ. ಅದೇ ಅರ್ಜಿದಾರರು ಕೊನೆಯ ಒಂದು ವರ್ಷದ ಎಂಜಿನಿಯರ್ ವರದಿ ಮತ್ತು ಒಳಟಿಪ್ಪಣಿ ಮಾತ್ರ ಕೇಳಿದರೆ 4 ಗಂಟೆ, 40 ಹಾಳೆ, ಮೊತ್ತ 81.60. ನೂರರೊಳಗಿರುವುದರಿಂದ ಕಟ್ಟಬೇಕಾದದ್ದು ಸೊನ್ನೆ. ಶುಲ್ಕದ ಅಂದಾಜು ಕೈಗೆ ಬಂದಾಗ ಗಾಬರಿಯಾಗದೆ ಕಚೇರಿಯ ಎಫ್‌ಓಐ ಅಧಿಕಾರಿಗೆ ಫೋನ್ ಮಾಡಿ ವ್ಯಾಪ್ತಿ ಕಿರಿದು ಮಾಡುವುದು ಇದೇ ಕಾರಣಕ್ಕೆ. ಅರ್ಜಿಯನ್ನು ಸರಿಪಡಿಸಿಕೊಳ್ಳಲು ನೆರವಾಗುವುದು ಕಚೇರಿಯ ಕರ್ತವ್ಯವೂ ಹೌದು.

ಉತ್ತರ ಬಾರದಿದ್ದರೆ

ನಾಲ್ಕು ವಾರ ಕಳೆದರೂ ಮೌನವಾದರೆ ಕಾಯ್ದೆ ಅದನ್ನು ನಿರಾಕರಣೆ ಎಂದೇ ಎಣಿಸುತ್ತದೆ. ಆಗ ಅದೇ ಕಚೇರಿಯ ಮೇಲಿನ ದರ್ಜೆಯ ಅಧಿಕಾರಿಗೆ ಆಂತರಿಕ ಮರುಪರಿಶೀಲನೆಯ ಮನವಿ ಹೋಗುತ್ತದೆ. ಸಾಮಾನ್ಯವಾಗಿ ಇದಕ್ಕೆ 30 ಯೂರೊ, ಮೆಡಿಕಲ್ ಕಾರ್ಡ್ ಇದ್ದವರಿಗೆ 10. ಸ್ವಂತ ಮಾಹಿತಿಯಾದರೆ ಅಥವಾ ಕಚೇರಿಯೇ ಗಡುವು ತಪ್ಪಿಸಿದ್ದರೆ ಶುಲ್ಕವಿಲ್ಲ. ಅಲ್ಲಿಗೂ ತೃಪ್ತಿಯಾಗದಿದ್ದರೆ ಆರು ತಿಂಗಳೊಳಗೆ ಮಾಹಿತಿ ಆಯುಕ್ತರ ಬಳಿ ಹೋಗಬಹುದು. ಅಲ್ಲಿನ ಶುಲ್ಕ 50 ಯೂರೊ, ರಿಯಾಯಿತಿಯಲ್ಲಿ 15. ‘ಅಂಥ ದಾಖಲೆ ಇಲ್ಲ’ ಎಂಬ ಉತ್ತರ ಬಂದಿದ್ದರೆ ಕಚೇರಿ ಎಲ್ಲೆಲ್ಲಿ, ಹೇಗೆ ಹುಡುಕಿತು ಎಂಬುದನ್ನೇ ಆಯುಕ್ತರು ತೂಗಿ ನೋಡುತ್ತಾರೆ.

ಭಾರತದಲ್ಲಿ ಮಾಹಿತಿ ತಡಮಾಡಿದ ಅಧಿಕಾರಿಯ ಮೇಲೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಐರ್ಲೆಂಡಿನಲ್ಲಿ ಹಾಗೆ ತಡಕ್ಕಾಗಿ ಅಧಿಕಾರಿಯ ಜೇಬಿಗೆ ಕೈಹಾಕುವ ಕಲಮಿಲ್ಲ.

ಊರಿನ ಕಡತ

ಸ್ಯಾಂಟ್ರಿಯಲ್ಲಿದ್ದುಕೊಂಡೇ ಊರಿನ ಖಾತೆ, ಪಹಣಿ ಬದಲಾವಣೆಯ ಕಡತ ವಿಚಾರಿಸುವವರು ಕರ್ನಾಟಕದ ನಿಯಮ ಪಾಲಿಸಬೇಕು. ಅರ್ಜಿ ಶುಲ್ಕ 10 ರೂಪಾಯಿ, ನಕಲಿಗೆ ಎ-4 ಪುಟಕ್ಕೆ 2 ರೂಪಾಯಿ. 2008ರ ತಿದ್ದುಪಡಿಯಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ಇಲ್ಲಿಯ ಉತ್ತರಕ್ಕೆ 30 ದಿನಗಳ ಗಡುವಿದ್ದು, ಅದು ತಪ್ಪಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಹೊರದೇಶದ ಭಾರತೀಯರಿಗಾಗಿ ಅಂಚೆ ಇಲಾಖೆ 2013ರಲ್ಲಿ ತಂದ ಎಲೆಕ್ಟ್ರಾನಿಕ್ ಪೋಸ್ಟಲ್ ಆರ್ಡರ್ ಕೇಂದ್ರ ಸರ್ಕಾರದ ಕಚೇರಿಗಳಿಗೆ ಮಾತ್ರ ನಡೆಯುತ್ತದೆ. ರಾಯಭಾರ ಕಚೇರಿಯಲ್ಲಿ ನಿಂತ ಪಾಸ್‌ಪೋರ್ಟ್ ಕಡತಕ್ಕೆ ಅದು ಸಲ್ಲುತ್ತದೆ, ತಹಶೀಲ್ದಾರ್ ಕಚೇರಿಯ ಕಡತಕ್ಕೆ ಸಲ್ಲದು.

ಇನ್ನೊಂದು ಮಿತಿ ಬಹಳ ಮಂದಿಯ ಗಮನಕ್ಕೆ ಬರುವುದು ತಡವಾಗಿ. ಐರಿಷ್ ಕಾಯ್ದೆ ಹಕ್ಕು ಕೊಟ್ಟಿರುವುದು ‘ಪ್ರತಿ ವ್ಯಕ್ತಿ’ಗೆ, ವೀಸಾದ ಮೇಲಿರುವವರೂ ಕೇಳಬಹುದು. ಭಾರತದ ಅಧಿನಿಯಮದ 3ನೆಯ ಕಲಮು ಹಕ್ಕನ್ನು ಕೊಟ್ಟಿರುವುದು ನಾಗರಿಕರಿಗೆ. ನಿಂತಿದ್ದ ಪೌರತ್ವದ ಕಡತ ಕೊನೆಗೂ ಸಾಗಿ ಐರಿಷ್ ಪ್ರಮಾಣಪತ್ರ ಕೈಗೆ ಬಂದ ದಿನ ಭಾರತದ ನಾಗರಿಕತ್ವ ಮುಗಿಯುತ್ತದೆ. ಓಸಿಐ ಕಾರ್ಡ್ ಅದಕ್ಕೆ ಬದಲಲ್ಲ. ಅಂದಿನಿಂದ ಊರಿನ ಜಮೀನಿನ ಕಡತ ಕೇಳಬೇಕಾದರೆ ಅರ್ಜಿಯ ಕೆಳಗೆ ಸಹಿ ಹಾಕಬೇಕಾದವರು ಊರಿನಲ್ಲೇ ಇರುವ ಅಣ್ಣನೋ ಅಕ್ಕನೋ.